ಸಾಫ್ಟ್‌ವೇರ್ ಪುಟಕ್ಕೆ ರೋಗಿಗಳು ಬಂದಾಗ: ಒಂದು ಲ್ಯಾಂಡಿಂಗ್ ಪೇಜ್‌ನ ಮೊದಲ ಪರದೆ

ಸಣ್ಣ ಕ್ಲಿನಿಕ್‌ಗಳಿಗೆ ಬುಕಿಂಗ್ ಸಾಫ್ಟ್‌ವೇರ್ ಮಾರುವ ಒಂದು ಪುಟ್ಟ ಕಂಪನಿ. ಅವರ ಲ್ಯಾಂಡಿಂಗ್ ಪೇಜ್‌ನಲ್ಲಿ, ಅಂದರೆ ಜಾಹೀರಾತು ಒತ್ತಿದವರು ಮೊದಲು ಬಂದು ಸೇರುವ ಪುಟದಲ್ಲಿ, ಡೆಮೊ ಕೇಳುವ ಫಾರ್ಮ್ ಇತ್ತು. ಫಾರ್ಮ್ ತುಂಬುವವರು ಕಡಿಮೆ ಇರಲಿಲ್ಲ. ಆದರೆ ಸೇಲ್ಸ್‌ನವರು ಫೋನ್ ಮಾಡಿದರೆ ಆ ಕಡೆಯಿಂದ, 'ಡಾಕ್ಟರು ಎಷ್ಟು ಹೊತ್ತಿಗೆ ಸಿಗ್ತಾರೆ?' ಅಂತ ಕೇಳುತ್ತಿದ್ದರು. ಫಾರ್ಮ್‌ನ 'ನಿಮ್ಮ ಅಗತ್ಯ' ಎಂಬ ಜಾಗದಲ್ಲಿ ಮಂಡಿನೋವು, ಮಗುವಿನ ಕೆಮ್ಮು ಅಂತೆಲ್ಲ ಬರೆದಿರುತ್ತಿತ್ತು. ಸಾಫ್ಟ್‌ವೇರ್ ಕೊಳ್ಳುವವರ ಬದಲು ಚಿಕಿತ್ಸೆ ಬೇಕಾದವರು ಬರುತ್ತಿದ್ದರು.

ಕಂಪನಿ ನಡೆಸುವ ಮೇಡಂ ನನ್ನನ್ನು ಕರೆದು ಕೇಳಿದ್ದು ಬಟನ್ ಬಗ್ಗೆ. 'ಬಟನ್ ಬಣ್ಣ ಬದಲಿಸಿದರೆ ಸರಿಹೋಗುತ್ತಾ ನೋಡಿ' ಅಂದರು. ಬಟನ್‌ನಲ್ಲೂ ತೊಂದರೆ ಇತ್ತು ನಿಜ. ಆದರೆ ಜನ ಬಟನ್ ಒತ್ತುತ್ತಲೇ ಇದ್ದರು. ಒತ್ತುವುದಕ್ಕೆ ಮೊದಲೇ ಏನನ್ನೋ ತಪ್ಪಾಗಿ ತಿಳಿದುಕೊಂಡಿದ್ದರು. ಅದು ಎಲ್ಲಿ ಶುರುವಾಯಿತು ಎಂದು ಮೊದಲು ಹುಡುಕಬೇಕಿತ್ತು.

ಪುಟ ಹೇಗಿತ್ತು

ಸ್ಕ್ರೋಲ್ ಮಾಡುವ ಮುಂಚೆ ಕಾಣುವ ಭಾಗ ಇಷ್ಟು. ಎಡಗಡೆ ದೊಡ್ಡ ಅಕ್ಷರದಲ್ಲಿ ಹೆಡ್‌ಲೈನ್: 'ಆರೋಗ್ಯ ಸೇವೆಯ ನಾಳೆ, ಇಂದೇ ನಿಮ್ಮ ಕೈಯಲ್ಲಿ'. ಅದರ ಕೆಳಗೆ ಒಂದು ಸಾಲು: 'ಸಮಗ್ರ, ಸರಳ, ಸುರಕ್ಷಿತ ಡಿಜಿಟಲ್ ಪರಿಹಾರ'. ಆಮೇಲೆ ತಿಳಿ ಹಸಿರು ಬಣ್ಣದ ಎರಡು ಬಟನ್, 'ಶುರು ಮಾಡಿ' ಮತ್ತು 'ಇನ್ನಷ್ಟು ತಿಳಿಯಿರಿ'. ಬಲಗಡೆ ಬಿಳಿ ಕೋಟು ತೊಟ್ಟು, ಕೊರಳಲ್ಲಿ ಸ್ಟೆತಸ್ಕೋಪ್ ಹಾಕಿಕೊಂಡು, ನಮ್ಮತ್ತ ನೋಡಿ ನಗುವ ಡಾಕ್ಟರ ಫೋಟೊ. ಎಲ್ಲಕ್ಕಿಂತ ಮೇಲೆ ಮೆನು, ಅದರ ಕೊನೆಯಲ್ಲಿ ಕಡುನೀಲಿ ಬಣ್ಣದ 'ಲಾಗಿನ್' ಬಟನ್. ಕೆಳಗಿನ ಮೂಲೆಯಲ್ಲಿ ಕಿತ್ತಳೆ ಬಣ್ಣದ ಚಾಟ್ ಗುಂಡಿ.

ನೋಡಲು ಚೆನ್ನಾಗಿಯೇ ಇತ್ತು. ಹಾಗಾಗಿಯೇ ಯಾರಿಗೂ ಸಂಶಯ ಬಂದಿರಲಿಲ್ಲ.

ನಾನು ಮೊದಲು ಮಾಡಿದ್ದು ಐದು ಸೆಕೆಂಡ್‌ನ ಪರೀಕ್ಷೆ. ಮೊದಲ ಪರದೆಯನ್ನು ಐದು ಸೆಕೆಂಡ್ ತೋರಿಸಿ ಮುಚ್ಚಬೇಕು. ಆಮೇಲೆ ಮೂರೇ ಪ್ರಶ್ನೆ: ಇದು ಏನು? ಯಾರಿಗಾಗಿ? ಮುಂದೆ ಏನು ಮಾಡಬೇಕು ಅನ್ನಿಸಿತು? ಇದನ್ನು ಆಫೀಸಿನವರ ಮೇಲೆ ಮಾಡಿದರೆ ಉಪಯೋಗವಿಲ್ಲ, ಅವರಿಗೆ ಉತ್ತರ ಮೊದಲೇ ಗೊತ್ತು. ಕ್ಲಿನಿಕ್‌ಗಳ ರಿಸೆಪ್ಷನ್‌ನಲ್ಲಿ ಕೂರುವವರಿಗೆ ಮತ್ತು ಸ್ವಂತ ಕ್ಲಿನಿಕ್ ಇರುವ ಕೆಲವು ಡಾಕ್ಟರಿಗೆ ತೋರಿಸಿದೆವು. 'ಯಾವುದೋ ಆಸ್ಪತ್ರೆ' ಅಂದರು ಒಬ್ಬರು. 'ಆರೋಗ್ಯ ವಿಮೆ ಇರಬೇಕು' ಅಂದರು ಇನ್ನೊಬ್ಬರು. 'ಆನ್‌ಲೈನ್‌ನಲ್ಲಿ ಡಾಕ್ಟರ ಜೊತೆ ಮಾತಾಡೋದಾ?' ಅಂತ ಮತ್ತೊಬ್ಬರು. ಸಾಫ್ಟ್‌ವೇರ್ ಅಂತ ಯಾರ ಬಾಯಲ್ಲೂ ಬರಲಿಲ್ಲ. ಏನು ನೆನಪಿದೆ ಅಂತ ಕೇಳಿದರೆ ಎಲ್ಲರೂ ಮೊದಲು ಹೇಳಿದ್ದು ಡಾಕ್ಟರ ಫೋಟೊ. ಹೆಡ್‌ಲೈನ್‌ನಲ್ಲಿ 'ಆರೋಗ್ಯ' ಎಂಬ ಪದ ಮಾತ್ರ ಉಳಿದಿತ್ತು.

ಈ ಪರೀಕ್ಷೆಗೆ ಒಂದು ಮಿತಿ ಇದೆ. ಜನರಿಗೆ ಅರ್ಥವಾಯಿತೇ ಎಂದು ಇದು ಹೇಳುತ್ತದೆ, ಬೇಕು ಅನ್ನಿಸಿತೇ ಎಂದು ಹೇಳುವುದಿಲ್ಲ. ನಮ್ಮ ತೊಂದರೆ ಅರ್ಥದ್ದೇ ಆಗಿದ್ದರಿಂದ ಇಲ್ಲಿ ಅಷ್ಟು ಸಾಕಾಗಿತ್ತು.

ಹೆಡ್‌ಲೈನ್

ಹೆಡ್‌ಲೈನ್ ಸ್ಪಷ್ಟವಾಗಿದೆಯೇ ಎಂದು ನೋಡಲು ನಾನು ಒಂದು ಕೆಲಸ ಮಾಡುತ್ತೇನೆ. ಲೋಗೊ ತೆಗೆದು, ಅದೇ ಸಾಲನ್ನು ಬೇರೆ ವ್ಯವಹಾರದ ಪುಟದ ಮೇಲೆ ಇಟ್ಟು ನೋಡುತ್ತೇನೆ. 'ಆರೋಗ್ಯ ಸೇವೆಯ ನಾಳೆ, ಇಂದೇ ನಿಮ್ಮ ಕೈಯಲ್ಲಿ' ಎಂಬುದು ಆಸ್ಪತ್ರೆಗೆ ಹೊಂದುತ್ತದೆ. ವಿಮೆಗೆ ಹೊಂದುತ್ತದೆ. ಔಷಧಿ ತಂದುಕೊಡುವ ಆ್ಯಪ್‌ಗೂ, ಬಿಪಿ ನೋಡುವ ಕೈಗಡಿಯಾರಕ್ಕೂ ಹೊಂದುತ್ತದೆ. ಇಷ್ಟೊಂದು ಕಡೆ ಹೊಂದುವ ಸಾಲು ಓದುಗರಿಗೆ ಏನನ್ನೂ ತಿಳಿಸುವುದಿಲ್ಲ. ಅದರ ಮೇಲೆ 'ನಿಮ್ಮ' ಎಂದರೆ ಯಾರು ಎಂಬುದು ಅಲ್ಲಿ ಇರಲೇ ಇಲ್ಲ. ಕ್ಲಿನಿಕ್ ನಡೆಸುವವರೋ, ರೋಗಿಯೋ? ನೋವಿನಲ್ಲಿರುವ ಮನುಷ್ಯ ಅದನ್ನು ತನಗೇ ಹೇಳಿದ್ದು ಎಂದು ಓದಿಕೊಂಡರೆ ತಪ್ಪೇನಿಲ್ಲ ಅಲ್ವಾ?

ಕೆಳಗಿನ ಸಾಲು ಇದನ್ನು ಸರಿಪಡಿಸಬೇಕಿತ್ತು. ಮೂರು ಗುಣಗಳನ್ನು ಹೇಳಿತೇ ಹೊರತು, ಯಾವ ವಸ್ತುವಿನ ಗುಣ ಎಂದು ಹೇಳಲಿಲ್ಲ.

ಹೊಸ ಹೆಡ್‌ಲೈನ್‌ಗೆ ಮೇಡಂ ತಾವೇ ಒಂದು ಸಾಲು ಬರೆದು ತಂದರು: 'ಕ್ಲಿನಿಕ್‌ಗಳಿಗೆ ಅಪಾಯಿಂಟ್‌ಮೆಂಟ್ ಸಾಫ್ಟ್‌ವೇರ್'. ಹಳೆಯದಕ್ಕಿಂತ ಎಷ್ಟೋ ಮೇಲು. ಏನು, ಯಾರಿಗೆ ಎರಡೂ ಗೊತ್ತಾಗುತ್ತದೆ. ಬೇರೇನೂ ತೋಚದಿದ್ದರೆ ಇದನ್ನೇ ಹಾಕಿ ಎಂದು ನಾನು ಹೇಳುತ್ತಿದ್ದೆ. ಆದರೆ ಕ್ಲಿನಿಕ್‌ನವರು ಇದನ್ನು ಯಾಕೆ ಕೊಳ್ಳಬೇಕು ಎಂಬುದು ಇದರಲ್ಲಿಲ್ಲ. ಈಗಾಗಲೇ ಕೊಂಡವರು ಯಾಕೆ ಕೊಂಡರು ಎಂದು ಸೇಲ್ಸ್‌ನವರನ್ನು ಕೇಳಿದೆ. ಬುಕಿಂಗ್ ಬರೆಯಲು ಪುಸ್ತಕ ಸಾಕು, ಅದಕ್ಕೆ ಯಾರೂ ಕೊಂಡಿರಲಿಲ್ಲ. ಅಪಾಯಿಂಟ್‌ಮೆಂಟ್ ತೆಗೆದುಕೊಂಡವರು ಮರೆತು ಬಾರದೆ ಇದ್ದಾಗ ಆ ಹೊತ್ತು ಖಾಲಿ ಹೋಗುತ್ತದೆ, ಅದು ತಪ್ಪಲಿ ಎಂದು ಕೊಂಡಿದ್ದರು. ಹಿಂದಿನ ದಿನ ರೋಗಿಯ ಫೋನ್‌ಗೆ ಹೋಗುವ ನೆನಪಿನ ಮೆಸೇಜ್ ಅವರಿಗೆ ಮುಖ್ಯವಾಗಿತ್ತು.

ಎರಡನೇ ಪ್ರಯತ್ನ ಸೇಲ್ಸ್‌ನವರದು: 'ಬಾರದೆ ಇರುವ ರೋಗಿಗಳ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿ'. ಕಿವಿಗೆ ಗಟ್ಟಿಯಾಗಿ ಕೇಳುತ್ತದೆ. ಆದರೆ 'ಅರ್ಧ' ಎಂಬುದಕ್ಕೆ ಅವರ ಹತ್ತಿರ ಲೆಕ್ಕ ಇರಲಿಲ್ಲ. ಲೆಕ್ಕವಿಲ್ಲದ ಮಾತನ್ನು ಪುಟದ ಅತಿ ದೊಡ್ಡ ಅಕ್ಷರದಲ್ಲಿ ಹಾಕಬಾರದು. ಡಾಕ್ಟರುಗಳು ದಿನವೂ ಇಂಥ ಅಂಕಿಗಳನ್ನು ತೂಗಿ ನೋಡುವವರು, ಅವರ ಮುಂದಂತೂ ಹಾಕಲೇಬಾರದು.

ಕೊನೆಗೆ ನಿಂತದ್ದು ಇದು: 'ಅಪಾಯಿಂಟ್‌ಮೆಂಟ್ ತೆಗೆದುಕೊಂಡ ರೋಗಿ ಮರೆಯದೆ ಬರಲಿ'. ಕೆಳಗೆ: 'ಸಣ್ಣ ಕ್ಲಿನಿಕ್‌ಗಳಿಗಾಗಿ ಮಾಡಿದ ಬುಕಿಂಗ್ ಸಾಫ್ಟ್‌ವೇರ್. ಹಿಂದಿನ ದಿನ ರೋಗಿಯ ಫೋನ್‌ಗೆ ತಾನೇ ಮೆಸೇಜ್ ಕಳಿಸುತ್ತದೆ.'

ಈ ಎರಡು ಸಾಲು ಕೆಲಸ ಹಂಚಿಕೊಂಡಿವೆ. ಮೇಲಿನದು ಯಾಕೆ ಎಂದು ಹೇಳುತ್ತದೆ. ಕೆಳಗಿನದು ಏನು, ಯಾರಿಗೆ, ಹೇಗೆ ಎಂದು ಹೇಳುತ್ತದೆ. 'ರೋಗಿ' ಎಂಬ ಪದ ಇಲ್ಲಿ ಸುಮ್ನೆ ಬಂದದ್ದಲ್ಲ. ರೋಗಿಯ ಬಗ್ಗೆ ಮೂರನೆಯವರ ಹಾಗೆ ಮಾತಾಡಿದ ಕೂಡಲೇ, ಈ ಮಾತು ಕ್ಲಿನಿಕ್‌ನವರಿಗೆ ಎಂದು ಓದುವವರಿಗೆ ತಿಳಿಯುತ್ತದೆ. ಕಾಯಿಲೆಯವರು ಓದಿದರೂ 'ಇದು ನನಗಲ್ಲ' ಎಂದು ಮುಂದೆ ಹೋಗುತ್ತಾರೆ. ನಮಗೆ ಅದೂ ಬೇಕಿತ್ತು.

ಫೋಟೊ

ಈ ಪ್ರಕರಣದಲ್ಲಿ ಜಾಸ್ತಿ ಹಾನಿ ಮಾಡಿದ್ದು ಫೋಟೊ ಎಂದು ನನಗೆ ಖಾತ್ರಿ. ಹೆಡ್‌ಲೈನ್ ಅಸ್ಪಷ್ಟವಾಗಿದ್ದಾಗ ಕಣ್ಣು ಅರ್ಥಕ್ಕಾಗಿ ಚಿತ್ರದ ಕಡೆ ಹೋಗುತ್ತದೆ. ಇಲ್ಲಿನ ಚಿತ್ರ ಅರ್ಥವನ್ನು ಕೊಟ್ಟಿತು, ಆದರೆ ತಪ್ಪು ಅರ್ಥ ಕೊಟ್ಟಿತು. ನಗುವ ಡಾಕ್ಟರು ನೇರ ನಮ್ಮನ್ನು ನೋಡುತ್ತಿದ್ದಾರೆ ಎಂದರೆ, ನೋಡುತ್ತಿರುವ ನಾವು ರೋಗಿಯ ಜಾಗದಲ್ಲಿ ಕೂತಿದ್ದೇವೆ ಎಂದಾಯಿತು. ಕ್ಯಾಮೆರಾ ಇಟ್ಟ ಜಾಗವೇ ಓದುಗರು ಯಾರು ಎಂದು ತೀರ್ಮಾನ ಮಾಡಿಬಿಟ್ಟಿತ್ತು. ಇಂಥ ಫೋಟೊ ಆಸ್ಪತ್ರೆಯ ಪುಟದಲ್ಲಿ ಸರಿ. ಇಲ್ಲಿ ಕೊಳ್ಳುವವರೇ ಡಾಕ್ಟರು. ಅವರಿಗೆ ಇನ್ನೊಬ್ಬ ಡಾಕ್ಟರ ನಗುಮುಖದಿಂದ ತಿಳಿಯುವಂಥದ್ದು ಏನೂ ಇಲ್ಲ.

ಚಿತ್ರ ಬೇಕೇ ಎಂದು ನಿರ್ಧರಿಸಲು ಅದನ್ನು ಮುಚ್ಚಿ ಪುಟವನ್ನು ಓದಿ ನೋಡಬೇಕು. ಮುಚ್ಚಿದಾಗ ಏನೂ ಕಳೆದುಹೋಗದಿದ್ದರೆ ಅದು ಬರೀ ಅಲಂಕಾರ. ಮುಚ್ಚಿದಾಗ ಪುಟ ಇನ್ನೂ ಸ್ಪಷ್ಟವಾದರೆ ಅದು ಅಡ್ಡಿ. ನಮ್ಮದು ಎರಡನೆಯದು.

ಬದಲಿಗೆ ಸಾಫ್ಟ್‌ವೇರ್‌ನ ಪರದೆಯನ್ನೇ ತೋರಿಸೋಣ ಎಂದೆ. ಅವರ ಡಿಸೈನರ್ ಇಡೀ ಡ್ಯಾಶ್‌ಬೋರ್ಡ್‌ನ ಸ್ಕ್ರೀನ್‌ಶಾಟ್ ಹಾಕಿದರು. ಎಡಗಡೆ ಮೆನು, ನಡುವೆ ಕ್ಯಾಲೆಂಡರ್, ಬಲಕ್ಕೆ ಎರಡು ಚಾರ್ಟ್. ಲ್ಯಾಪ್‌ಟಾಪ್‌ನಲ್ಲಿ ಪರವಾಗಿಲ್ಲ ಅನ್ನಿಸಿತು. ಫೋನ್‌ನಲ್ಲಿ ಅದು ಬೂದು ಗೆರೆಗಳ ಗುಂಪಾಯಿತು, ಒಂದು ಅಕ್ಷರವೂ ಓದಲು ಬರಲಿಲ್ಲ. ಸ್ಕ್ರೀನ್‌ಶಾಟ್‌ನ ತೊಂದರೆ ಸಾಮಾನ್ಯವಾಗಿ ಇದೇ. ಎಲ್ಲವನ್ನೂ ತೋರಿಸಲು ಹೋಗಿ ಏನೂ ಕಾಣದಂತೆ ಮಾಡುತ್ತಾರೆ.

ನಾವು ಒಂದೇ ತುಂಡು ಕತ್ತರಿಸಿಕೊಂಡೆವು. ಆ ದಿನದ ಪಟ್ಟಿಯಿಂದ ಮೂರು ಸಾಲು. ಪ್ರತಿ ಸಾಲಿನಲ್ಲಿ ಸಮಯ, ಹೆಸರು, ಪಕ್ಕದಲ್ಲಿ 'ಬರುತ್ತೇನೆ ಎಂದಿದ್ದಾರೆ' ಎಂಬ ಹಸಿರು ಗುರುತು. ಮೂರನೇ ಸಾಲಿನಲ್ಲಿ ಮಾತ್ರ 'ಉತ್ತರ ಬಂದಿಲ್ಲ' ಎಂದು ಹಳದಿ. ಅದರ ಮೇಲೆ ಸ್ವಲ್ಪ ಹೊರಚಾಚಿದಂತೆ ರೋಗಿಗೆ ಹೋಗುವ ಮೆಸೇಜ್‌ನ ಗುಳ್ಳೆ: 'ನಾಳೆ 10:30ಕ್ಕೆ ನಿಮ್ಮ ಅಪಾಯಿಂಟ್‌ಮೆಂಟ್ ಇದೆ. ಬರುತ್ತೀರಾ?' ಹೆಡ್‌ಲೈನ್ ಹೇಳಿದ ಮಾತು ಇಲ್ಲಿ ಕಣ್ಣಿಗೆ ಕಾಣುತ್ತದೆ. ಆ ಹಳದಿ ಸಾಲನ್ನು ಬೇಕೆಂದೇ ಉಳಿಸಿಕೊಂಡೆ. ಮೂರೂ ಹಸಿರಾಗಿದ್ದರೆ ಯಾವ ರಿಸೆಪ್ಷನ್‌ನವರೂ ನಂಬುವುದಿಲ್ಲ.

ಒಂದು ಎಚ್ಚರಿಕೆ ಇಲ್ಲಿ ಹೇಳಲೇಬೇಕು. ಡಿಸೈನರ್ ಮೊದಲು ತೆಗೆದ ಸ್ಕ್ರೀನ್‌ಶಾಟ್ ನಿಜವಾದ ಗ್ರಾಹಕರ ಖಾತೆಯಿಂದ ಬಂದಿತ್ತು. ಅದರಲ್ಲಿ ನಿಜವಾದ ರೋಗಿಗಳ ಹೆಸರುಗಳಿದ್ದವು. ಯಾರು ಯಾವ ದಿನ ಯಾವ ಕ್ಲಿನಿಕ್‌ಗೆ ಹೋದರು ಎಂಬುದು ಅವರ ಖಾಸಗಿ ವಿಷಯ, ಹೆಸರನ್ನು ಮಬ್ಬು ಮಾಡಿ ಹಾಕುವುದೂ ಸಾಲದು. ಖಾಲಿ ಖಾತೆ ತೆರೆದು, ಕಲ್ಪಿತ ಹೆಸರುಗಳನ್ನು ತುಂಬಿ, ಅಲ್ಲಿಂದ ತೆಗೆಯಬೇಕು.

ಚಿತ್ರದ ಫೈಲ್‌ನಲ್ಲೂ ಒಂದು ತಪ್ಪು ಸಿಕ್ಕಿತು. ಹಳೆಯ ಫೋಟೊಗೆ `loading="lazy"` ಹಾಕಿದ್ದರು. ಪರದೆಯ ಕೆಳಗಿರುವ ಚಿತ್ರಗಳನ್ನು ತಡವಾಗಿ ತರಲು ಅದು ಒಳ್ಳೆಯದು. ಮೊದಲ ಪರದೆಯ ಮುಖ್ಯ ಚಿತ್ರಕ್ಕೆ ಹಾಕಿದರೆ ಬ್ರೌಸರ್ ಅದನ್ನೇ ಹಿಂದಕ್ಕೆ ತಳ್ಳುತ್ತದೆ. ಮೊದಲ ಪರದೆಯ ಅತಿ ದೊಡ್ಡ ಭಾಗ 2.5 ಸೆಕೆಂಡ್ ಒಳಗೆ ಕಾಣಬೇಕು ಎಂಬುದು ಗೂಗಲ್ ಇಟ್ಟಿರುವ ಅಳತೆ. ಈ ಪುಟ ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿತ್ತು. ಹೀಗೆ ಬದಲಿಸಿದೆವು:

```html
<img src="today-list.webp" width="960" height="640"
     fetchpriority="high" alt="ಇಂದಿನ ಅಪಾಯಿಂಟ್‌ಮೆಂಟ್ ಪಟ್ಟಿ">
```

ಅಗಲ, ಎತ್ತರ ಬರೆದಿದ್ದರಿಂದ ಬ್ರೌಸರ್ ಮೊದಲೇ ಜಾಗ ಬಿಟ್ಟುಕೊಳ್ಳುತ್ತದೆ. ಚಿತ್ರ ಬಂದಾಗ ಕೆಳಗಿನ ಬರಹ ದಡಕ್ಕನೆ ಜಾರುವುದಿಲ್ಲ.

ಬಟನ್

ಈಗ ಮೇಡಂ ಕೇಳಿದ ವಿಷಯಕ್ಕೆ ಬರುತ್ತೇನೆ. ಪುಟದ ಸ್ಕ್ರೀನ್‌ಶಾಟ್ ತೆಗೆದು, ಅಕ್ಷರ ಓದಲು ಬಾರದಷ್ಟು ಮಸುಕು ಮಾಡಿ ಅವರ ಮುಂದಿಟ್ಟೆ. ಏನು ಎದ್ದು ಕಾಣುತ್ತದೆ ಎಂದು ಕೇಳಿದೆ. ಅವರು ಮೊದಲು ಬಿಳಿ ಕೋಟು ತೋರಿಸಿದರು, ಆಮೇಲೆ ಕಿತ್ತಳೆ ಗುಂಡಿ, ಆಮೇಲೆ ಕಡುನೀಲಿ ಲಾಗಿನ್. ಡೆಮೊ ಫಾರ್ಮ್ ತೆರೆಯುವ 'ಶುರು ಮಾಡಿ' ಬಟನ್ ಹುಡುಕಬೇಕಾಯಿತು. ಈಗಾಗಲೇ ಕೊಂಡವರು ಒತ್ತುವ ಲಾಗಿನ್ ಬಟನ್, ಕೊಳ್ಳಬೇಕಾದವರು ಒತ್ತುವ ಬಟನ್‌ಗಿಂತ ಜೋರಾಗಿತ್ತು. 'ಅಯ್ಯೋ, ಇದನ್ನ ದಿನಾ ನೋಡ್ತಿದ್ದೆನಲ್ಲ' ಅಂದರು ಅವರು. ದಿನವೂ ನೋಡುವವರಿಗೆ ಯಾವುದು ಎಲ್ಲಿದೆ ಎಂದು ಗೊತ್ತಿರುತ್ತದೆ, ಹುಡುಕುವ ಅಗತ್ಯವೇ ಬೀಳುವುದಿಲ್ಲ.

ಬಟನ್‌ನ ಬಣ್ಣ `#4DB6AC`, ಅಕ್ಷರ ಬಿಳಿ. ಎರಡರ ನಡುವಿನ ಕಾಂಟ್ರಾಸ್ಟ್ ಲೆಕ್ಕ ಹಾಕಿದರೆ ಸುಮಾರು 2.4ಕ್ಕೆ 1. ವೆಬ್ ಪುಟಗಳು ಎಲ್ಲರಿಗೂ ಓದಲು ಬರಲಿ ಎಂದು ಮಾಡಿರುವ ಡಬ್ಲ್ಯುಸಿಎಜಿ ನಿಯಮದ ಪ್ರಕಾರ ಸಾಮಾನ್ಯ ಅಳತೆಯ ಅಕ್ಷರಕ್ಕೆ ಕಡಿಮೆ ಎಂದರೂ 4.5ಕ್ಕೆ 1 ಬೇಕು. ಹೊರಗೆ ಬಿಸಿಲಿನಲ್ಲಿ ಫೋನ್ ಹಿಡಿದರೆ ಆ ಅಕ್ಷರ ಕಾಣುವುದೇ ಇಲ್ಲ. ಅದೇ ಬಣ್ಣದ ಕಡು ರೂಪ `#00695C` ತೆಗೆದುಕೊಂಡೆವು. ಕಾಂಟ್ರಾಸ್ಟ್ ಸುಮಾರು 6.6ಕ್ಕೆ ಏರಿತು, ಬ್ರ್ಯಾಂಡ್‌ನ ಬಣ್ಣವೂ ಉಳಿಯಿತು. ಯಾವ ಬಣ್ಣ ಜಾಸ್ತಿ ಒತ್ತಿಸಿಕೊಳ್ಳುತ್ತದೆ ಎಂಬ ವಾದದಲ್ಲಿ ನನಗೆ ನಂಬಿಕೆ ಇಲ್ಲ. ಸುತ್ತಲಿನ ಬಣ್ಣಗಳಿಂದ ಅದು ಬೇರೆಯಾಗಿ ನಿಲ್ಲುತ್ತದೆಯೇ ಎಂಬುದಷ್ಟೇ ಮುಖ್ಯ. ಅದಕ್ಕಾಗಿ ಲಾಗಿನ್ ಅನ್ನು ಬರೀ ಅಕ್ಷರದ ಲಿಂಕ್ ಮಾಡಿದೆವು. ಚಾಟ್ ಗುಂಡಿಗೆ ಬೂದು ಬಣ್ಣ ಕೊಟ್ಟೆವು. 'ಇನ್ನಷ್ಟು ತಿಳಿಯಿರಿ' ಬಟನ್ ತೆಗೆದೇ ಹಾಕಿದೆವು, ಏಕೆಂದರೆ ಅದು ಕೆಳಗಿನ ಭಾಗಕ್ಕೆ ಇಳಿಸುತ್ತಿತ್ತು ಅಷ್ಟೇ. ಆ ಕೆಲಸವನ್ನು ಬೆರಳೇ ಮಾಡುತ್ತದೆ.

ಬಣ್ಣಕ್ಕಿಂತ ದೊಡ್ಡ ತೊಂದರೆ ಬಟನ್ ಮೇಲಿನ ಮಾತಿನಲ್ಲಿತ್ತು. 'ಶುರು ಮಾಡಿ' ಎಂದರೆ ಏನು ಶುರು? ಒತ್ತಿದ ಮೇಲೆ ಏನೂ ಶುರುವಾಗುತ್ತಿರಲಿಲ್ಲ, ಏಳು ಪ್ರಶ್ನೆಗಳ ಫಾರ್ಮ್ ತೆರೆದುಕೊಳ್ಳುತ್ತಿತ್ತು. ಕಾಯಿಲೆಯವರು ಅದನ್ನು 'ಚಿಕಿತ್ಸೆ ಶುರು ಮಾಡಿ' ಎಂದು ಓದಿಕೊಂಡರು. ಡಾಕ್ಟರುಗಳು ಫಾರ್ಮ್ ನೋಡಿ ವಾಪಸ್ ಹೋದರು. ಒತ್ತಿದ ಮರುಕ್ಷಣ ಏನಾಗುತ್ತದೆಯೋ ಅದನ್ನೇ ಬಟನ್ ಹೇಳಬೇಕು. ಹೊಸ ಮಾತು 'ನಿಮ್ಮ ಕ್ಲಿನಿಕ್‌ಗೆ ಡೆಮೊ ಕೇಳಿ'. 'ಕ್ಲಿನಿಕ್' ಎಂಬ ಪದ ಇಲ್ಲೂ ಬಂದಿದ್ದರಿಂದ, ಹೆಡ್‌ಲೈನ್ ಓದದೆ ನೇರ ಬಟನ್‌ಗೆ ಬಂದವರಿಗೂ ಇದು ಯಾರಿಗೆ ಎಂದು ತಿಳಿಯುತ್ತದೆ.

ಬಟನ್ ಕೆಳಗೆ ಸಣ್ಣ ಅಕ್ಷರದಲ್ಲಿ 'ಹೆಸರು, ಫೋನ್ ನಂಬರ್ ಸಾಕು' ಎಂದು ಹಾಕಲು ಹೇಳಿದೆ. ಹಾಕಬೇಕಾದರೆ ಅದು ನಿಜವಾಗಬೇಕಲ್ಲ. ಫಾರ್ಮ್‌ನ ಪ್ರಶ್ನೆಗಳನ್ನು ಮೂರಕ್ಕೆ ಇಳಿಸಲು ಒಂದು ಇಡೀ ಮಧ್ಯಾಹ್ನ ಮಾತುಕತೆ ನಡೆಯಿತು. ಸೇಲ್ಸ್‌ನವರಿಗೆ ಕ್ಲಿನಿಕ್‌ನ ಹೆಸರು ಬೇಕೇ ಬೇಕು ಎಂದಿತ್ತು, ಅದಕ್ಕೆ ಕಾರಣವೂ ಇತ್ತು. ಹಾಗಾಗಿ ಕೊನೆಗೆ ಬರೆದದ್ದು 'ನಿಮ್ಮ ಹೆಸರು, ಕ್ಲಿನಿಕ್ ಹೆಸರು, ಫೋನ್ ನಂಬರ್. ಅಷ್ಟೇ.'

ಫೋನ್‌ನಲ್ಲಿ

ಇಲ್ಲಿಯವರೆಗಿನ ಚರ್ಚೆ ಎಲ್ಲ ಲ್ಯಾಪ್‌ಟಾಪ್ ಮುಂದೆ ನಡೆದಿತ್ತು. ಜಾಹೀರಾತಿನಿಂದ ಬರುವವರಲ್ಲಿ ಹೆಚ್ಚಿನವರು ಫೋನ್‌ನವರು. 360 ಪಿಕ್ಸೆಲ್ ಅಗಲ, 800 ಪಿಕ್ಸೆಲ್ ಎತ್ತರದ ಪರದೆಯಲ್ಲಿ ಬ್ರೌಸರ್‌ನ ಪಟ್ಟಿಗಳು ಹೋಗಿ ನಮಗೆ ಸಿಕ್ಕಿದ್ದು ಸುಮಾರು 640. ಹಳೆಯ ಪುಟದಲ್ಲಿ ಎಚ್‌ಟಿಎಂಎಲ್‌ನಲ್ಲಿ ಫೋಟೊ ಮೊದಲು, ಬರಹ ಆಮೇಲೆ ಇತ್ತು. ಹಾಗಾಗಿ ಫೋನ್‌ನಲ್ಲಿ ಫೋಟೊ ಮೇಲೆ ಬಂದು ಅರ್ಧ ಪರದೆ ತಿಂದಿತ್ತು. ಬಟನ್ ಶುರುವಾಗುತ್ತಿದ್ದದ್ದು 660ರ ಹತ್ತಿರ, ಅಂದರೆ ಪರದೆಯ ಹೊರಗೆ. ಫೋನ್‌ನಲ್ಲಿ ಮೊದಲು ಕಂಡದ್ದು ಡಾಕ್ಟರು ಮತ್ತು 'ಆರೋಗ್ಯ' ಎಂಬ ಪದ. ಜನ ಆಸ್ಪತ್ರೆ ಎಂದುಕೊಂಡದ್ದರಲ್ಲಿ ಆಶ್ಚರ್ಯ ಏನಿದೆ?

ಬರಹವನ್ನು ಮೇಲೆ ತಂದು, ಚಿತ್ರವನ್ನು ಬಟನ್ ಕೆಳಗೆ ಇಳಿಸಿದೆವು. ಅದರ ಮೊದಲ ಸಾಲಷ್ಟು ಪರದೆಯೊಳಗೆ ಕಾಣುವಂತೆ ಬಿಟ್ಟೆವು, ಕೆಳಗೆ ಇನ್ನೂ ಇದೆ ಎಂದು ತಿಳಿಯಲಿ ಎಂದು. ಬಟನ್ ಈಗ 340ರ ಆಸುಪಾಸಿನಲ್ಲಿ ಬರುತ್ತದೆ, ಎತ್ತರ 52 ಪಿಕ್ಸೆಲ್, ಹೆಬ್ಬೆರಳಿಗೆ ಸರಾಗ.

ಕನ್ನಡ ಪುಟಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ತೊಂದರೆ ಇಲ್ಲೂ ಇತ್ತು. ಹೆಡ್‌ಲೈನ್‌ಗೆ `line-height: 1.1` ಕೊಟ್ಟಿದ್ದರು. ಒತ್ತಕ್ಷರಗಳಿಲ್ಲದ ಲಿಪಿಗೆ ಅದು ನಡೆಯುತ್ತದೆ. ನಮ್ಮಲ್ಲಿ ಒತ್ತು ಕೆಳಗೆ ಇಳಿದು, ಮುಂದಿನ ಸಾಲಿನ ಗುಡಿಸಿಗೆ ತಾಗುತ್ತದೆ. 1.4ಕ್ಕೆ ಏರಿಸಿದ ಮೇಲೆ ಸಾಲುಗಳು ಬಿಡಿಸಿಕೊಂಡವು. 34 ಪಿಕ್ಸೆಲ್ ಅಕ್ಷರವನ್ನು ಫೋನ್‌ನಲ್ಲಿ 28ಕ್ಕೆ ಇಳಿಸಿದೆವು. 'ಅಪಾಯಿಂಟ್‌ಮೆಂಟ್'ನಂಥ ಉದ್ದ ಪದ ಒಂದು ಸಾಲನ್ನೇ ಹಿಡಿಯುತ್ತದೆ, ಅದಕ್ಕೆ ಜಾಗ ಬೇಕು.

ಆಮೇಲೆ ಏನಾಯಿತು

ಬಂದವರಲ್ಲಿ ಅರ್ಧ ಜನರಿಗೆ ಹಳೆಯ ಪುಟ, ಉಳಿದರ್ಧ ಜನರಿಗೆ ಹೊಸ ಪುಟ ತೋರಿಸಿ ಹೋಲಿಸುವ ಎ/ಬಿ ಟೆಸ್ಟ್ ಮಾಡುವ ಆಸೆ ಮೇಡಂಗೆ ಇತ್ತು. ಬೇಡ ಎಂದೆ. ಅವರ ಪುಟದಲ್ಲಿ ನೂರಕ್ಕೆ ಇಬ್ಬರು ಫಾರ್ಮ್ ತುಂಬುತ್ತಿದ್ದರು. ಅದು ಎರಡೂವರೆಗೆ ಏರಿದೆಯೇ ಎಂದು ನಂಬಿಕೆಯಿಂದ ಹೇಳಬೇಕಾದರೆ, ರೂಢಿಯ ಲೆಕ್ಕದಲ್ಲಿ ಪ್ರತಿ ಆವೃತ್ತಿಗೆ ಸುಮಾರು 13,800 ಜನ ಬೇಕು. ಅವರಿಗೆ ತಿಂಗಳಿಗೆ ಬರುವವರೇ ಕೆಲವು ಸಾವಿರ. ಟೆಸ್ಟ್ ಮುಗಿಯುವಷ್ಟರಲ್ಲಿ ವರ್ಷದ ಬಹುಪಾಲು ಕಳೆದಿರುತ್ತದೆ. ಅದರ ಮೇಲೆ, ತುಂಬಿದವರ ಸಂಖ್ಯೆ ನಮ್ಮ ಪ್ರಶ್ನೆಯೇ ಆಗಿರಲಿಲ್ಲ. ತುಂಬಿದವರು ಯಾರು ಎಂಬುದು ಪ್ರಶ್ನೆ. ಅದಕ್ಕೆ ಸೇಲ್ಸ್‌ನವರು ಪ್ರತಿ ಕರೆಯ ನಂತರ 'ಕ್ಲಿನಿಕ್', 'ರೋಗಿ', 'ಬೇರೆ' ಎಂದು ಗುರುತು ಹಾಕಿದರೆ ಸಾಕಿತ್ತು.

ಹೊಸ ಪರದೆ ಬಂದ ಮೇಲೆ ಒಟ್ಟು ಫಾರ್ಮ್‌ಗಳು ಕಡಿಮೆಯಾದವು. ಮೇಡಂ ಗಾಬರಿಯಾಗಿ ಫೋನ್ ಮಾಡಿದರು. ಗುರುತು ನೋಡಿದಾಗ, ಇಳಿದಿದ್ದು ರೋಗಿಗಳ ಸಾಲು. ಕ್ಲಿನಿಕ್‌ಗಳ ಸಾಲು ಇಳಿದಿರಲಿಲ್ಲ, ಸ್ವಲ್ಪ ಮೇಲೇ ಹೋಗಿತ್ತು. ಆ ಸ್ವಲ್ಪಕ್ಕೆ ಹೆಡ್‌ಲೈನ್ ಕಾರಣವೋ, ಫಾರ್ಮ್ ಚಿಕ್ಕದಾಗಿದ್ದು ಕಾರಣವೋ ಬಿಡಿಸಿ ಹೇಳಲಾಗದು. ಎಲ್ಲವನ್ನೂ ಒಟ್ಟಿಗೆ ಬದಲಿಸಿದ್ದಕ್ಕೆ ತೆರುವ ಬೆಲೆ ಅದು.

ಆದರೂ ಕೆಲವು ರೋಗಿಗಳು ಬರುತ್ತಲೇ ಇದ್ದರು. ಅವರ ಫಾರ್ಮ್‌ಗಳನ್ನು ಒಂದೊಂದಾಗಿ ಓದಿದಾಗ ಬೇರೆಯೇ ವಿಷಯ ಕಂಡಿತು. ಇವರು ಕಾಯಿಲೆಯ ಹೆಸರು ಹೇಳಿಕೊಂಡು ಬಂದವರಲ್ಲ. 'ಕ್ಲಿನಿಕ್ ಹೆಸರು' ಎಂಬಲ್ಲಿ ತಾವು ಹೋಗುವ ಕ್ಲಿನಿಕ್‌ನ ಹೆಸರನ್ನು ಸರಿಯಾಗಿ ಬರೆದಿದ್ದರು. ನೆನಪಿನ ಮೆಸೇಜ್ ಬಂದಾಗ, ಅದರ ಕೊನೆಯಲ್ಲಿದ್ದ ಸಾಫ್ಟ್‌ವೇರ್ ಹೆಸರನ್ನು ಹುಡುಕಿಕೊಂಡು ಸಮಯ ಬದಲಿಸಲು ಬಂದವರು. ಅವರು ಪುಟವನ್ನು ತಪ್ಪಾಗಿ ಓದಿರಲಿಲ್ಲ, ಅವರಿಗೆ ಹೋಗಲು ಬೇರೆ ಬಾಗಿಲೇ ಇರಲಿಲ್ಲ. ಯಾವ ಹೆಡ್‌ಲೈನ್ ಬರೆದರೂ ಅವರು ಬರುತ್ತಿದ್ದರು. ಮೆನುವಿನಲ್ಲಿ ಲಾಗಿನ್ ಪಕ್ಕ 'ಅಪಾಯಿಂಟ್‌ಮೆಂಟ್ ಬದಲಿಸಬೇಕಾ?' ಎಂಬ ಲಿಂಕ್ ಹಾಕಿ, ಮೆಸೇಜ್‌ನಲ್ಲೇ ಕ್ಲಿನಿಕ್‌ನ ನಂಬರ್ ಸೇರಿಸಿದ ಮೇಲೆ ಅದೂ ತಗ್ಗಿತು.

ಹೊಸ ಪರದೆಯ ಮೇಲೆ ಐದು ಸೆಕೆಂಡ್‌ನ ಪರೀಕ್ಷೆಯನ್ನು ಬೇರೆ ಜನರೊಂದಿಗೆ ಮತ್ತೆ ಮಾಡಿದೆವು. 'ಕ್ಲಿನಿಕ್‌ಗೆ ಸಾಫ್ಟ್‌ವೇರ್, ಮೆಸೇಜ್ ಕಳಿಸುತ್ತೆ' ಎಂಬ ಉತ್ತರ ಈ ಸಲ ತಾನಾಗಿ ಬಂತು. ಒಬ್ಬ ರಿಸೆಪ್ಷನಿಸ್ಟ್, 'ಆ ಹಳದಿದಕ್ಕೆ ನಾವೇ ಫೋನ್ ಮಾಡಬೇಕಾ?' ಎಂದು ಕೇಳಿದರು. ಸಾಫ್ಟ್‌ವೇರ್‌ನಲ್ಲಿ ಅದಕ್ಕೊಂದು ಅನುಕೂಲ ಇತ್ತು, ಆದರೆ ಪುಟದಲ್ಲಿ ಎಲ್ಲೂ ಹೇಳಿರಲಿಲ್ಲ. ಮೊದಲ ಪರದೆಗೆ ಅದನ್ನು ತುರುಕಬೇಡಿ ಎಂದೆ, ಅದರ ಕೆಳಗಿನ ಮೊದಲ ಭಾಗವೇ ಅದಾಗಲಿ ಎಂದು ಬರೆದುಕೊಟ್ಟೆ. ಜಾಹೀರಾತಿನಲ್ಲಿ ಹಳೆಯ 'ಆರೋಗ್ಯ ಸೇವೆಯ ನಾಳೆ' ಇನ್ನೂ ಓಡುತ್ತಿದೆ. ಅದನ್ನು ಹೊಸ ಹೆಡ್‌ಲೈನ್‌ಗೆ ಹೊಂದುವಂತೆ ಬದಲಿಸುವ ಕೆಲಸ ಈಗ ಅವರ ಕೈಯಲ್ಲಿದೆ.